ತಿಂಗಳ ಸಭೆಯ ಸಾರಾಂಶಕ್ಕೆ ಒಂದೇ ನಮೂನೆ

“ಬದಿಯಡ್ಕದಲ್ಲಿ ನಮ್ಮ ಹಾಲಿನ ಸಂಘದ ತಿಂಗಳ ಸಭೆ ಫೋನಲ್ಲಿ ರೆಕಾರ್ಡ್ ಮಾಡ್ತೇವೆ. ಸಾರಾಂಶ ಒಂದೊಂದು ಸಲ ಒಂದೊಂದು ಥರ ಆಗ್ತದೆ. ಯಾವ ಕೆಲಸ ಬಾಕಿ ಅಂತ ಗೊತ್ತೇ ಆಗುವುದಿಲ್ಲ.”

ನೀವು ಬಹುಶಃ ಮಾತು ನಡೆದ ಕ್ರಮದಲ್ಲೇ ಬರೆಯುತ್ತಿದ್ದೀರಿ. ಆಗ ತೀರ್ಮಾನ ಚರ್ಚೆಯೊಳಗೆ ಹೂತುಹೋಗುತ್ತದೆ.

ಮೊದಲು ಐದೇ ತಲೆಬರಹದ ಖಾಲಿ ನಮೂನೆ ಮಾಡಿಡಿ: ದಿನಾಂಕ ಮತ್ತು ಹಾಜರಿ, ಹಿಂದಿನ ಬಾಕಿ, ತೀರ್ಮಾನ, ಕೆಲಸ, ಮುಂದೂಡಿದ್ದು. ರೆಕಾರ್ಡಿಂಗ್ ಕೇಳುವ ಮೊದಲೇ, ಹೋದ ತಿಂಗಳ ಸಾರಾಂಶದಲ್ಲಿ ಮುಗಿಯದೆ ಉಳಿದ ಸಾಲುಗಳನ್ನೆಲ್ಲ ‘ಹಿಂದಿನ ಬಾಕಿ’ಗೆ ನಕಲು ಮಾಡಿ. ನಮೂನೆಯ ಜೀವ ಇರುವುದೇ ಇಲ್ಲಿ.

ಆಮೇಲೆ ಕೇಳುತ್ತಾ ತುಂಬಿಸಿ. ಕೆಲಸದ ಸಾಲಿನಲ್ಲಿ ಯಾರು, ಏನು, ಯಾವಾಗ, ರೆಕಾರ್ಡಿಂಗಿನ ಎಷ್ಟನೇ ನಿಮಿಷ, ಈ ನಾಲ್ಕೂ ಇರಲಿ:

ಕಾರ್ಯದರ್ಶಿ – ಫ್ಯಾಟ್ ನೋಡುವ ಯಂತ್ರದ ರಿಪೇರಿ – 15ರೊಳಗೆ – 47:10

ನಿಮ್ಮಲ್ಲಿ ಕನ್ನಡ, ತುಳು, ಮಲೆಯಾಳ ಎಲ್ಲ ಸೇರಿ ಮಾತಾಡ್ತಾರೆ ಅಲ್ವಾ? ಅರ್ಥದಲ್ಲಿ ಅನುಮಾನ ಬಂದರೆ ನೇರ ಆ ನಿಮಿಷಕ್ಕೆ ಹೋಗಿ ಕೇಳಬಹುದು. ಸುಮ್ನೆ “ಮಾಡುವಾ” ಅಂದದ್ದು, ಯಾರೂ ಒಪ್ಪಿಕೊಳ್ಳದ್ದು ಕೆಲಸವಲ್ಲ. ಅದು ‘ಮುಂದೂಡಿದ್ದು’ಗೆ ಹೋಗಲಿ. ನಮ್ಮ ಸಾರಾಂಶದಲ್ಲಿ ಜಾಸ್ತಿ ಗೊಂದಲ ಆದದ್ದು ಇಂಥ ಸಾಲುಗಳಿಂದಲೇ.

ತಲೆಬರಹದಡಿ ಬರೆಯಲು ಏನೂ ಸಿಗದಿದ್ದರೂ ಅಳಿಸಬೇಡಿ, “ಇಲ್ಲ” ಎಂದು ಬರೆಯಿರಿ. ಖಾಲಿ ಬಿಟ್ಟರೆ ಮರೆತದ್ದೋ, ನಿಜವಾಗಿ ಇಲ್ಲದ್ದೋ ತಿಳಿಯುವುದಿಲ್ಲ.