ಹೆಂಡತಿ, ಮಗನನ್ನು ಇಂಗ್ಲೆಂಡಿಗೆ ಕರೆಸುವ ಮುಂಚೆ

"ಅಕ್ಕಾ, ನಾನು ಇಂಗ್ಲೆಂಡಿಗೆ ಬಂದು ಸ್ವಲ್ಪ ತಿಂಗಳಾಯ್ತು. ಹೆಂಡತಿ ಮತ್ತು ಎಂಟು ವರ್ಷದ ಮಗ ಕುಮಟಾ ಹತ್ತಿರ ಊರಲ್ಲೇ ಇದ್ದಾರೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ನಡೆಯಲ್ಲ, ಮಾತಿಲ್ಲ. ನೋಡಿಕೊಂಡು ನೋಡಿಕೊಂಡು ಹೆಂಡತಿ ಸೋತುಹೋಗಿದ್ದಾಳೆ. ಆಯಿಗೂ ಆಗ್ತಿಲ್ಲ. ಇಲ್ಲಿಗೆ ಕರೆಸಿಕೊಂಡರೆ ಅವಳಿಗೆ ಸ್ವಲ್ಪ ಬಿಡುವು ಸಿಗುತ್ತದಾ? ಇಲ್ಲಿಯ ಜೀವನ ಅವಳಿಗೆ ಹೇಗಿರುತ್ತದೆ?"

ತಮ್ಮಾ, ಬಿಡುವು ಸಿಗುತ್ತದೆ. ಆದರೆ ಬಂದ ಕೂಡಲೇ ಸಿಗುವುದಿಲ್ಲ. ಮೊದಲ ಕೆಲವು ತಿಂಗಳು ಅವಳಿಗೆ ಊರಿಗಿಂತ ಇಲ್ಲೇ ಜಾಸ್ತಿ ಕಷ್ಟ. ಇದನ್ನು ತಿಳಿದುಕೊಂಡೇ ಕರೆಸಿಕೊ.

ಊರಲ್ಲಿ ಅವಳಿಗೆ ಈಗ ಏನೇನು ಸಿಗುತ್ತಿದೆ ಅಂತ ಮೊದಲು ನೋಡು. ಸಂಜೆ ಒಂದು ತಾಸು ಆಯಿ ಮಗನ ಹತ್ತಿರ ಕೂರುತ್ತಾರೆ, ಅಲ್ವಾ? ಅಷ್ಟರಲ್ಲಿ ಅವಳ ಸ್ನಾನ ಆಗುತ್ತದೆ. ಪಕ್ಕದ ಮನೆಯವರು ಬಂದು ಮಗನನ್ನು ಮಾತಾಡಿಸುತ್ತಾರೆ. ಮೀನಿನವಳು ಅಂಗಳಕ್ಕೇ ಬರುತ್ತಾಳೆ. ಇವನ್ನು ಯಾರೂ ಬಿಡುವು ಅಂತ ಕರೆಯುವುದಿಲ್ಲ, ಆದರೆ ಅವಳು ಇಷ್ಟು ದಿನ ನಿಂತಿರುವುದು ಇವುಗಳ ಮೇಲೇ. ಇಲ್ಲಿ ನೀನು ಕೆಲಸಕ್ಕೆ ಹೋದ ಮೇಲೆ ಬಾಗಿಲು ಮುಚ್ಚಿತು ಅಂದರೆ ಮುಚ್ಚಿತು. ಹಾಲು ಮುಗಿದರೂ ಮಗನಿಗೆ ಕೋಟು ಹಾಕಿ, ವೀಲ್‌ಚೇರಿನಲ್ಲಿ ಕೂರಿಸಿಯೇ ಹೊರಡಬೇಕು.

ಇಲ್ಲೇ ಇರುವ, ನನಗೆ ಆಪ್ತರಾದ ಹೊನ್ನಾವರ ಕಡೆಯ ಒಂದು ಕುಟುಂಬದ ಕತೆ ಹೇಳುತ್ತೇನೆ. ಅವರ ಮಗಳಿಗೂ ಇದೇ ತೊಂದರೆ. ರಾತ್ರಿ ತಾನಾಗಿ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ. ತಾಯಿ ಮೂರು ನಾಲ್ಕು ಸಲ ಎದ್ದು ಹೊರಳಿಸುತ್ತಿದ್ದಳು. ಅವಳು ಅತ್ತಿದ್ದನ್ನು ನಾನು ನೋಡಿಲ್ಲ. ಸೋಲು ಬೇರೆ ರೀತಿ ಕಾಣಿಸಿತು. ಫೋನ್ ಎತ್ತುವುದು ಬಿಟ್ಟಳು. ತನ್ನ ಬಿಪಿ ಮಾತ್ರೆ ಮುಗಿದು ವಾರಗಳಾದರೂ ತರಿಸಲಿಲ್ಲ. ಮಗಳ ಕೈಕಾಲಿನ ವ್ಯಾಯಾಮ ಒಂದು ದಿನ ತಪ್ಪಿತು, ಆಮೇಲೆ ನಿಂತೇಹೋಯಿತು. ಊಟ ಮಾಡಿಸುವಾಗ ಮಗು ಬಾಯಿ ಮುಚ್ಚಿದರೆ ಸಿಡುಕುತ್ತಿದ್ದಳು, ಮರುಕ್ಷಣ ಮರಗಟ್ಟಿದ ಹಾಗೆ ಕೂರುತ್ತಿದ್ದಳು. ನಿನ್ನ ಹೆಂಡತಿಯಲ್ಲಿ ಇಂಥದ್ದು ಕಂಡರೆ ಅದನ್ನು ಸಿಟ್ಟಿನ ಸ್ವಭಾವ ಅಂದುಕೊಳ್ಳಬೇಡ. ತಿಂಗಳುಗಟ್ಟಲೆ ರಾತ್ರಿ ಪೂರ್ತಿ ನಿದ್ದೆ ಇಲ್ಲದಿದ್ದರೆ ಯಾರಿಗಾದರೂ ಹೀಗೇ ಆಗುತ್ತದೆ.

ಅವರೂ ನಿನ್ನ ಹಾಗೆ ಕೆಲಸದ ವೀಸಾದವರು. ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್", ಅಂದರೆ ಸರ್ಕಾರಿ ಭತ್ಯೆ ಪಡೆಯುವ ಹಾಗಿಲ್ಲ, ಅಂತ ಇತ್ತು. ಅದನ್ನು ಓದಿ, ನಮಗೆ ಇಲ್ಲಿ ಏನೂ ಸಿಗುವುದಿಲ್ಲ ಅಂತ ಕೇಳುವುದನ್ನೇ ಬಿಟ್ಟಿದ್ದರು. ನಮ್ಮವರಲ್ಲಿ ತುಂಬಾ ಜನ ಹೀಗೇ ತಿಳಿದುಕೊಳ್ಳುತ್ತಾರೆ. ಸಿಗದಿರುವುದು ಕೇರರ್ಸ್ ಅಲವೆನ್ಸ್, ಡಿಸೆಬಿಲಿಟಿ ಲಿವಿಂಗ್ ಅಲವೆನ್ಸ್ ಥರದ ಸರ್ಕಾರಿ ಭತ್ಯೆಗಳು. ಶಾಲೆ, ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ವೈದ್ಯಕೀಯ ಸೇವೆ, ಅಂಗವಿಕಲ ಮಕ್ಕಳಿಗೆ ಕೌನ್ಸಿಲ್ ಅಂದರೆ ಊರಿನ ಸ್ಥಳೀಯ ಆಡಳಿತ ಕೊಡುವ ಸಹಾಯ ಆ ಪಟ್ಟಿಯಲ್ಲಿಲ್ಲ. ಇವನ್ನು ಕೇಳಿದರೆ ವೀಸಾಕ್ಕೆ ಏನೂ ಆಗುವುದಿಲ್ಲ. ಸೋಶಿಯಲ್ ವರ್ಕರ್ ಬಂದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಅನ್ನೋ ಭಯವೂ ಅವರಿಗಿತ್ತು. ಸಹಾಯ ಕೇಳಿದ ಕಾರಣಕ್ಕೆ ಹಾಗೆ ಮಾಡುವುದಿಲ್ಲ.

ಕೊನೆಗೆ ಕೌನ್ಸಿಲ್‌ನ ಅಂಗವಿಕಲ ಮಕ್ಕಳ ತಂಡಕ್ಕೆ ಫೋನ್ ಮಾಡಿದರು. ಸೋಶಿಯಲ್ ವರ್ಕರ್ ಮನೆಗೆ ಬಂದಳು. ತಾಯಿ ಮನೆಯನ್ನು ಚೊಕ್ಕ ಮಾಡಿಟ್ಟು, ಚಹಾ ಕೊಟ್ಟು, "ಹೇಗೋ ಸುಧಾರಿಸಿಕೊಂಡು ಹೋಗ್ತಿದ್ದೇವೆ" ಅಂದಳು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಗೋಳು ಹೇಳಿಕೊಳ್ಳುವುದಿಲ್ಲವಲ್ಲ! ವರದಿಯಲ್ಲಿ "ಕುಟುಂಬ ನಿಭಾಯಿಸುತ್ತಿದೆ" ಅಂತ ಬಂತು. ಸಹಾಯ ಬರಲಿಲ್ಲ.

ಎರಡನೇ ಸಲ ನಾನೂ ಜೊತೆಗೆ ಕೂತೆ. ಎರಡು ವಾರ ಮೊದಲೇ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ರಾತ್ರಿಯ ಲೆಕ್ಕ ಬರೆಸಿದ್ದೆ. "1.10, ಹೊರಳಿಸಿದೆ. 2.45, ಕೆಮ್ಮು, ಕೂರಿಸಿದೆ. 4.20, ಬಟ್ಟೆ ಒದ್ದೆ, ಹಾಸಿಗೆ ಬದಲಿಸಿದೆ." ಹಗಲಿನಲ್ಲಿ ಮಗುವನ್ನು ಎಷ್ಟು ಸಲ ಎತ್ತಬೇಕು, ಒಂದು ಊಟಕ್ಕೆ ಎಷ್ಟು ಹೊತ್ತು ಬೇಕು, ಅದೂ ಇತ್ತು. ಮಗುವಿನ ಅಗತ್ಯ ಮಾತ್ರ ನೋಡಿದರೆ ಸಾಲದು, "ಪೇರೆಂಟ್ ಕೇರರ್ಸ್ ನೀಡ್ಸ್ ಅಸೆಸ್‌ಮೆಂಟ್" ಕೂಡ ಮಾಡಿ ಅಂತ ಹೆಸರು ಹೇಳಿಯೇ ಕೇಳಿದೆವು. 1989ರ ಚಿಲ್ಡ್ರನ್ ಆಕ್ಟ್ ಪ್ರಕಾರ ತಾಯಿ ಕೇಳಿದರೆ ಅವಳ ಅಗತ್ಯವನ್ನೂ ಅವರು ನೋಡಲೇಬೇಕು. ಆ ಕ್ಯಾಲೆಂಡರಿನ ಫೋಟೋ ಅವರ ಫೈಲಿಗೆ ಹೋಯಿತು.

ಈ ಸಲ ಮೊದಲು ವಾರಕ್ಕೆ ನಾಲ್ಕು ತಾಸಿನ "ಡೈರೆಕ್ಟ್ ಪೇಮೆಂಟ್" ಬಂತು. ಅಂದರೆ ಕೌನ್ಸಿಲ್ ದುಡ್ಡು ಕೊಡುತ್ತದೆ, ಆಳನ್ನು ನಾವೇ ಹುಡುಕಿಕೊಳ್ಳಬೇಕು. ಮನೆಯೊಳಗೇ ಇರುವ ನೆಂಟರಿಗೆ ಸಾಮಾನ್ಯವಾಗಿ ಆ ದುಡ್ಡು ಕೊಡುವ ಹಾಗಿಲ್ಲ. ಹೊರಗಿನವರಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಬೇಕು. ಅವರಿಗೆ ಕೊಂಕಣಿ ಮಾತಾಡುವ ಒಬ್ಬ ಹೆಂಗಸು ಸಿಕ್ಕಿದರು. ಎರಡು ವಾರ ತಾಯಿ ಪಕ್ಕದಲ್ಲೇ ಇದ್ದು ಕಲಿಸಿದಳು. ಗಂಜಿ ಎಷ್ಟು ಗಟ್ಟಿ ಇರಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು, ಯಾವ ಮಗ್ಗುಲಿಗೆ ಮಲಗಿಸಿದರೆ ನಿದ್ದೆ ಬರುತ್ತದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಆ ಹಾಳೆ ಇಲ್ಲದಿದ್ದರೆ ತಾಯಿ ಹೊರಗೆ ಹೋದರೂ ಮನಸ್ಸು ಮನೆಯಲ್ಲೇ ಇರುತ್ತಿತ್ತು.

ರಾತ್ರಿಯ ರೆಸ್ಪೈಟ್ ಬಂದಿದ್ದು ಎಷ್ಟೋ ಕಾಲದ ನಂತರ. ತಿಂಗಳಿಗೆ ಒಂದು ರಾತ್ರಿ ಮಗು ಅಂಥ ಮಕ್ಕಳಿಗಾಗಿಯೇ ಇರುವ ಮನೆಯಲ್ಲಿ ಉಳಿಯುತ್ತದೆ. ಮೊದಲು ಸಂಜೆ ಊಟದ ಹೊತ್ತಿಗೆ ಮಾತ್ರ ಹೋಗಿ ಬಂದು ರೂಢಿಯಾದ ಮೇಲೆ ರಾತ್ರಿ ಉಳಿಸಿದರು. ಎಲ್ಲರಿಗೂ ಇದು ಸಿಗುತ್ತದೆ ಅಂತ ನಂಬಿಸಲಾರೆ. ಒಂದೊಂದು ಕೌನ್ಸಿಲ್‌ನ ನಿಯಮ ಒಂದೊಂದು ಥರ, ಕಾಯುವವರೂ ಜಾಸ್ತಿ.

ನಿಜವಾಗಿ ದೊಡ್ಡ ಬಿಡುವು ಶಾಲೆಯದು. ವಾರಕ್ಕೆ ಐದು ದಿನ, ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ. ವಿಶೇಷ ಶಾಲೆಗೆ, ಮಗುವಿಗೆ ಏನೇನು ಸಹಾಯ ಬೇಕು ಅಂತ ಕೌನ್ಸಿಲ್ ಬರೆದುಕೊಡುವ ಇಎಚ್‌ಸಿ ಪ್ಲಾನ್ ಅನ್ನುವ ಕಾಗದ ಬೇಕು. ಅರ್ಜಿ ಹಾಕಿದ ಮೇಲೆ ಅದಕ್ಕೆ ಕಾನೂನು ಕೊಟ್ಟಿರುವ ಅವಧಿಯೇ 20 ವಾರ, ಎಷ್ಟೋ ಕಡೆ ಅದೂ ಮೀರುತ್ತದೆ. ಅದಕ್ಕೇ ಮೊದಲ ತಿಂಗಳುಗಳು ಕಷ್ಟ ಅಂದದ್ದು.

ಅವಳು ಇಲ್ಲಿಗೆ ಬರುವವರೆಗೆ ಕುಮಟಾದಲ್ಲಿ ಏನು ಮಾಡಬಹುದು? ನೀನು ಕಳಿಸುವ ದುಡ್ಡಿನಲ್ಲಿ ಒಂದು ಪಾಲನ್ನು ಅವಳ ನಿದ್ದೆಗೆ ಅಂತಲೇ ತೆಗೆದಿಡು. ಪರಿಚಯದ ಒಬ್ಬ ಹೆಂಗಸನ್ನು ವಾರಕ್ಕೆ ಎರಡು ಮಧ್ಯಾಹ್ನ ಗೊತ್ತು ಮಾಡು, ಮನೆಗೆಲಸಕ್ಕಲ್ಲ, ಮಗನ ಹತ್ತಿರ ಕೂರುವುದಕ್ಕೆ. ಆಯಿಗೆ ರಾತ್ರಿ ಒಪ್ಪಿಸಬೇಡ, ಅವರ ಸೊಂಟವೂ ಹೋಗುತ್ತದೆ. ಮಗನನ್ನು ನೆಲದ ಹಾಸಿಗೆಯಿಂದ ಎತ್ತುತ್ತಿದ್ದರೆ ಸೊಂಟದ ಎತ್ತರದ ಮಂಚ ಮಾಡಿಸು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಅವಳ ಅರ್ಧ ದಿನ ಅದರಲ್ಲೇ ಹೋಗುತ್ತದೆ, ಆ ನಾಲ್ಕು ತಿಂಗಳಾದರೂ ಡೈಪರ್ ತರಿಸು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸು, ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೂ ಅರ್ಜಿ ಹಾಕು. ವರ್ಷಕ್ಕೆ 1 ಲಕ್ಷದವರೆಗಿನ ಚಿಕಿತ್ಸೆ, ಥೆರಪಿ ಖರ್ಚು ಅದರಲ್ಲಿ ಬರುತ್ತದೆ.

ಕರೆಸುವುದೇ ಆದರೆ ಜುಲೈಯಲ್ಲಿ ಬೇಡ. ಆ ತಿಂಗಳ ಕೊನೆಗೆ ಶಾಲೆಗಳಿಗೆ ಸುಮಾರು ಆರು ವಾರ ರಜೆ, ನಿನ್ನ ಫೋನ್ ಎತ್ತುವವರೂ ಸಿಗುವುದಿಲ್ಲ. ಸೆಪ್ಟೆಂಬರಿನಲ್ಲಿ ಬರಲಿ. ಡಾಕ್ಟರ ಪತ್ರಗಳು, ಫಿಸಿಯೋ ವರದಿ, ಔಷಧದ ಪಟ್ಟಿ ಎಲ್ಲ ಇಂಗ್ಲಿಷಿನಲ್ಲಿ ಕೈಯಲ್ಲೇ ತರಲಿ. ಬಂದ ವಾರವೇ ಜಿಪಿ ಅಂದರೆ ಹತ್ತಿರದ ಕುಟುಂಬ ವೈದ್ಯರ ಬಳಿ ಇಬ್ಬರ ಹೆಸರನ್ನೂ ನೋಂದಾಯಿಸು, ಅವಳ ದಾಖಲೆಯಲ್ಲಿ "ಕೇರರ್", ಅಂದರೆ ಆರೈಕೆ ಮಾಡುವವಳು, ಅಂತ ಬರೆಸು. ಇಎಚ್‌ಸಿ ಅರ್ಜಿಯನ್ನೂ ಅದೇ ವಾರ ಹಾಕು. ಕೌನ್ಸಿಲಿನವರು ಮನೆಗೆ ಬರುವ ದಿನ ಹೇಳು, ರಜೆ ಹಾಕಿ ನಾನು ಬರುತ್ತೇನೆ.