ಅರ್ಧಾಯು ಲೆಕ್ಕದಲ್ಲಿ log ಒತ್ತಬೇಕೋ ln ಒತ್ತಬೇಕೋ?

ಪ್ರಶ್ನೆ: ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ಶೇ 90ರಷ್ಟು ಕ್ಷಯವಾಗಲು ಎಷ್ಟು ಸಮಯ ಬೇಕು? ನನಗೆ 7.6 ವರ್ಷ ಬರುತ್ತಿದೆ, ಪುಸ್ತಕದಲ್ಲಿ 17.5 ಅಂತಿದೆ. ಪರೀಕ್ಷೆಗೆ ln ಇರೋ ಸೂತ್ರ ಬಾಯಿಪಾಠ ಮಾಡಲಾ, 2.303 log ಇರೋದನ್ನು ಮಾಡಲಾ?

ಉತ್ತರ:

17.5ನ್ನು 7.6ರಿಂದ ಭಾಗಿಸಿ ನೋಡಿ. 2.303 ಬರುತ್ತದೆ. ಆ ಸಂಖ್ಯೆ ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ, ಯಾಕೆ ಅಂತ ಹೇಳ್ತೀನಿ.

ನಾನು ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟ್ರೈನಿ ಆಗಿದ್ದೆ. ಥೈರಾಯ್ಡ್ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಅಯೋಡಿನ್-131 ಕೊಡುತ್ತಿದ್ದರು. ಅದನ್ನು ಕುಡಿದವರ ಬೆವರು, ಎಂಜಲು, ಮೂತ್ರ ಎಲ್ಲದರಲ್ಲೂ ಸ್ವಲ್ಪ ಅಯೋಡಿನ್ ಹೊರಗೆ ಬರುತ್ತದೆ. ಹಾಗಾಗಿ ಅವರು ಬಳಸಿದ ಗ್ಲೌಸ್, ಟಿಶ್ಯೂ, ಲೋಟ, ದಿಂಬಿನ ಕವರ್ ಯಾವುದನ್ನೂ ನೇರವಾಗಿ ಕಸಕ್ಕೆ ಹಾಕುವ ಹಾಗಿಲ್ಲ. ಚೀಲಕ್ಕೆ ತುಂಬಿ, ಮೀಟರ್ ಹಿಡಿದು ಅಳೆದು, ಟ್ಯಾಗ್ ಕಟ್ಟಿ, ಸೀಸದ ಮರೆ ಇರುವ ಒಂದು ಕೋಣೆಯಲ್ಲಿ ಇಡಬೇಕು. ತಾನಾಗಿಯೇ ಕಮ್ಮಿಯಾಗುವ ತನಕ ಕಾಯಬೇಕು, ಅಷ್ಟೇ. ಅಯೋಡಿನ್-131ರ ಅರ್ಧಾಯು 8.02 ದಿನ. ಟ್ಯಾಗ್ ಮೇಲೆ "ಈ ದಿನಾಂಕದ ನಂತರ ಮತ್ತೆ ಅಳೆಯಿರಿ" ಅಂತ ಬರೆಯೋದು ನನ್ನ ಕೆಲಸ. ಅಂದರೆ ನಿಮ್ಮ ಲೆಕ್ಕವೇ, ಸಮಯ ಕಂಡುಹಿಡಿಯೋದು.

ದಿನಾ ಕ್ಯಾಲ್ಕುಲೇಟರ್ ಒತ್ತೋದು ಬೇಜಾರಾಗಿ ಒಂದು ಎಕ್ಸೆಲ್ ಶೀಟ್ ಮಾಡಿದೆ. ಅದರಲ್ಲಿ ಹೀಗೆ ಬರೆದೆ:

```
=LOG(A2/B2)/(0.693/8.02)
```

A2ನಲ್ಲಿ ಇವತ್ತಿನ ಕೌಂಟ್, B2ನಲ್ಲಿ ಎಷ್ಟಕ್ಕೆ ಇಳಿಯಬೇಕೋ ಅದು. ನೋಡೋಕೆ ಚೆನ್ನಾಗೇ ಇದೆ, ಅಲ್ವಾ? ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಬರೀ log ಅಂತ ಬರೆಯುತ್ತಿದ್ದರು, ಅವರ ಮನಸ್ಸಿನಲ್ಲಿ ಅದು e ಆಧಾರದ ಲಾಗ್. ಗಣಿತದವರು ಹಾಗೆ ಬರೆಯೋದು ಮಾಮೂಲು. ಪೈಥಾನ್‌ನಲ್ಲಿ `math.log` ಅಂದರೂ e ಆಧಾರದ್ದೇ. ಆದರೆ ಎಕ್ಸೆಲ್‌ನ LOG ಹಾಗಲ್ಲ. ಆಧಾರ ಯಾವುದು ಅಂತ ಹೇಳದಿದ್ದರೆ ಅದು 10 ಅಂತಲೇ ತಗೊಳ್ಳುತ್ತದೆ. e ಆಧಾರದ್ದು ಬೇಕಿದ್ದರೆ LN ಅಂತ ಬರೆಯಬೇಕು. ನನಗೆ ಅದು ಹೊಳೆಯಲೇ ಇಲ್ಲ.

ಶೀಟ್ ಪರೀಕ್ಷೆ ಮಾಡಲಿಲ್ಲವಾ ಅಂತ ಕೇಳಬಹುದು. ಮಾಡಿದೆ ಮಾರಾಯ್ರೇ! A2, B2 ಎರಡರಲ್ಲೂ 400 ಹಾಕಿದೆ, ಉತ್ತರ 0 ದಿನ ಬಂತು. ಸರಿ ಇದೆ ಅಂದುಕೊಂಡೆ. ಯಾವ ಆಧಾರ ಇಟ್ಟುಕೊಂಡರೂ 1ರ ಲಾಗ್ ಸೊನ್ನೆಯೇ, ಆ ಪರೀಕ್ಷೆಯಲ್ಲಿ ತಪ್ಪು ಶೀಟೂ ಪಾಸಾಗುತ್ತದೆ. 400 ಮತ್ತು 200 ಹಾಕಿ ನೋಡಿದ್ದರೆ ಸಾಕಿತ್ತು. ಅರ್ಧ ಆಗೋಕೆ ಬೇಕಾದ್ದು 8.02 ದಿನ ಅಂತ ಯಾರಿಗಾದರೂ ಗೊತ್ತು, ನನ್ನ ಶೀಟ್ 3.48 ಅಂತ ಹೇಳುತ್ತಿತ್ತು. ಆಗಲೇ ಸಿಕ್ಕಿಬೀಳುತ್ತಿದ್ದೆ.

ಮೊದಲನೇ ಚೀಲದ ಲೆಕ್ಕ ಇನ್ನೂ ನೆನಪಿದೆ. ಮೀಟರ್‌ನಲ್ಲಿ ಸೆಕೆಂಡಿಗೆ 420 ಕೌಂಟ್. ಅದರಲ್ಲಿ 20 ಆ ಜಾಗದ ಬ್ಯಾಕ್‌ಗ್ರೌಂಡ್, ಅಂದರೆ ಚೀಲ ಇಲ್ಲದಿದ್ದರೂ ಮೀಟರ್ ತೋರಿಸುವುದು. ಅದನ್ನು ಕಳೆದರೆ ಚೀಲದ್ದು 400. ಅದು 10ಕ್ಕೆ ಇಳಿಯಬೇಕಿತ್ತು. ಶೀಟ್ 18.5 ದಿನ ಅಂತು, ನಾನು 19 ಅಂತ ಟ್ಯಾಗ್ ಬರೆದು ಕಟ್ಟಿದೆ. ಅದರ ಹಿಂದೆ ಹದಿಮೂರು ಚೀಲಕ್ಕೂ ಹಾಗೇ ಮಾಡಿದೆ.

19ನೇ ದಿನ ರೇಡಿಯೇಷನ್ ಸೇಫ್ಟಿ ಆಫೀಸರ್ ಮೇಡಂ ಬಂದು ಮೀಟರ್ ಹಿಡಿದರು. 30ರ ಆಸುಪಾಸು ಬರಬೇಕಿತ್ತು, 97 ಬಂತು. ಮೀಟರ್ ಕೆಟ್ಟಿರಬೇಕು ಮೇಡಂ ಅಂದೆ. ಅವರು ಬೇರೆ ಮೀಟರ್ ತಂದರು, ಅದೂ 95 ತೋರಿಸಿತು. ಆಮೇಲೆ ಟ್ಯಾಗ್ ನೋಡಿ, "400 ಇದ್ದದ್ದು 10ಕ್ಕೆ ಬರೋಕೆ ಎಷ್ಟು ಸಲ ಅರ್ಧ ಆಗ್ಬೇಕು? ಬೆರಳಲ್ಲಿ ಎಣಿಸು" ಅಂದರು.

ಎಣಿಸಿದೆ. 200, 100, 50, 25, 12.5. ಐದು ಬೆರಳು ಮುಗಿಯಿತು, ಇನ್ನೂ 10ಕ್ಕೆ ಬಂದಿಲ್ಲ. ಆರನೆಯದಕ್ಕೆ 6.25, ಅದು ದಾಟಿತು. ಅಂದರೆ ಐದಕ್ಕಿಂತ ಜಾಸ್ತಿ, ಆರಕ್ಕಿಂತ ಕಮ್ಮಿ. ಎಂಟೈದಲಿ ನಲವತ್ತು, ಎಂಟಾರಲಿ ನಲವತ್ತೆಂಟು. ಉತ್ತರ 40 ಮತ್ತು 48 ದಿನಗಳ ನಡುವೆ ಇರಲೇಬೇಕು, 19ಕ್ಕೆ ಅಲ್ಲಿ ಜಾಗವೇ ಇಲ್ಲ. ಮೂರನೇ ಕ್ಲಾಸಿನ ಮಗ್ಗಿ ನನ್ನ ಶೀಟನ್ನು ಕೊಂದು ಹಾಕಿತು.

ಹದಿನಾಲ್ಕೂ ಚೀಲಗಳನ್ನು ಮತ್ತೆ ಅಳೆದು ಹೊಸ ಟ್ಯಾಗ್ ಕಟ್ಟಿದೆ. ಅದೃಷ್ಟಕ್ಕೆ ಅಳೆಯದೆ ಯಾವುದನ್ನೂ ಹೊರಗೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ, ಹಾಗಾಗಿ ಯಾರಿಗೂ ತೊಂದರೆ ಆಗಲಿಲ್ಲ. ನಾನು ಮಾತ್ರ ಲಿಖಿತ ವಿವರಣೆ ಕೊಡಬೇಕಾಯಿತು, ಆರು ತಿಂಗಳು ನನ್ನ ಯಾವ ಲೆಕ್ಕವೂ ಇನ್ನೊಬ್ಬರ ಸಹಿ ಇಲ್ಲದೆ ಮುಂದೆ ಹೋಗಲಿಲ್ಲ.

ಈಗ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ತುಂಬಾ ಜನ "ln ಬದಲು log ಒತ್ತಿದ್ದು ತಪ್ಪು" ಅಂತ ಹೇಳಿ ಸುಮ್ನೆ ಬಿಟ್ಟುಬಿಡುತ್ತಾರೆ. ಅದು ಪೂರ್ತಿ ನಿಜ ಅಲ್ಲ. log ಒತ್ತಿದ್ದು ತಪ್ಪೇ ಅಲ್ಲ. log ಜೊತೆ 0.693 ಸೇರಿಸಿದ್ದು ತಪ್ಪು.

0.693 ಆಕಾಶದಿಂದ ಬಿದ್ದ ಸಂಖ್ಯೆ ಅಲ್ಲ, ಅದು 2ರ ln. ಅರ್ಧ ಆಗೋಕೆ ಎಷ್ಟು ಸಮಯ ಅಂತ N = N₀e^(−λt) ಸಮೀಕರಣವನ್ನು ಕೇಳಿದರೆ ln 2 = λT ಅಂತ ಬರುತ್ತದೆ, λ = 0.693/T ಆಗೋದು ಹಾಗೆ. ಅಂದರೆ λ ಬರೆದ ಕ್ಷಣವೇ ನೀವು e ಆಧಾರ ಆರಿಸಿಕೊಂಡಾಯಿತು. ಮೇಲೆ 10 ಆಧಾರದ ಲಾಗ್ ಹಾಕಿದರೆ, ಅಕ್ಕಿಯನ್ನು ಸೇರಿನಲ್ಲಿ ಅಳೆದು ಕೆಜಿ ರೇಟಿನಲ್ಲಿ ದುಡ್ಡು ಕೊಟ್ಟ ಹಾಗೆ. 10 ಆಧಾರದಲ್ಲಿ 2ರ ಲಾಗ್ 0.301. ಮೇಲೂ log, ಕೆಳಗೂ 0.301 ಇಟ್ಟರೆ ಉತ್ತರ ಸರಿಯಾಗಿಯೇ ಬರುತ್ತದೆ. ಮೇಲೂ ln, ಕೆಳಗೂ 0.693 ಇಟ್ಟರೂ ಅದೇ ಉತ್ತರ. ನನ್ನ ಚೀಲಕ್ಕೆ log 40 ಅಂದರೆ 1.602, 0.301ರಿಂದ ಭಾಗಿಸಿದರೆ 5.32. ln 40 ಅಂದರೆ 3.689, 0.693ರಿಂದ ಭಾಗಿಸಿದರೂ 5.32. ಈ 5.32 ಅಂದರೆ ಎಷ್ಟು ಸಲ ಅರ್ಧ ಆಗಬೇಕು ಅನ್ನೋದು, ನಾನು ಬೆರಳಲ್ಲಿ ಎಣಿಸಿದ್ದೇ. 8.02ರಿಂದ ಗುಣಿಸಿದರೆ 42.7 ದಿನ.

ಹಾಗಾಗಿ ಯಾವ ಸೂತ್ರ ಬಾಯಿಪಾಠ ಮಾಡಲಿ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಎರಡೂ ಬೇಡ. 2.303 ಅನ್ನೋದು ಲಾಗ್ ಟೇಬಲ್ ನೋಡುವವರಿಗಾಗಿ ಬಂದದ್ದು. ಟೇಬಲ್‌ನಲ್ಲಿ 10 ಆಧಾರದ್ದೇ ಇರುತ್ತದೆ, ಅದನ್ನು ln ಮಾಡೋಕೆ 2.303ರಿಂದ ಗುಣಿಸಬೇಕು, ಯಾಕೆಂದರೆ ln 10 ಅಷ್ಟೇ. ಅದನ್ನೂ ಬಾಯಿಪಾಠ ಮಾಡಿ, ಇದನ್ನೂ ಮಾಡಿ, ಕೊನೆಗೆ ln ಒತ್ತಿ ಮೇಲೆ 2.303ರಿಂದಲೂ ಗುಣಿಸುವವರನ್ನು ನೋಡಿದ್ದೀನಿ. ಅವರಿಗೆ ನಿಮ್ಮ ಲೆಕ್ಕದಲ್ಲಿ 40 ವರ್ಷ ಬರುತ್ತದೆ. ನನ್ನ ಮಾತು ಕೇಳಿದರೆ ಇಷ್ಟು ಸಾಕು: ಎಷ್ಟು ಸಲ ಅರ್ಧ ಅಂತ ಮೊದಲು ಕಂಡುಹಿಡಿಯಿರಿ, ಆಮೇಲೆ ಅರ್ಧಾಯುವಿನಿಂದ ಗುಣಿಸಿ. ನನ್ನ ಶೀಟ್‌ನಲ್ಲಿ ಈಗ ಇರೋದು ಇದು, 0.693 ಅನ್ನೋದು ಎಲ್ಲೂ ಇಲ್ಲ:

```
=8.02*LN(A2/B2)/LN(2)
```

ಇದರಲ್ಲಿ ಎರಡೂ ಕಡೆ LN ತೆಗೆದು LOG ಹಾಕಿದರೂ ಏನೂ ಕೆಡುವುದಿಲ್ಲ.

ಇನ್ನೊಂದು ಮಾತು, ಪರೀಕ್ಷೆಯಲ್ಲಿ ಬರಲ್ಲ, ಆದರೂ ಹೇಳ್ತೀನಿ. ಬ್ಯಾಕ್‌ಗ್ರೌಂಡ್ ಕಳೆಯದೆ 420ನ್ನು 30ರಿಂದ ಭಾಗಿಸಿದರೆ 14 ಬರುತ್ತದೆ, 40 ಅಲ್ಲ. ಸಮಯ 30.5 ದಿನಕ್ಕೆ ಇಳಿದುಬಿಡುತ್ತದೆ. ಎಂಟು ದಿನಕ್ಕೆ ಅರ್ಧ ಆಗೋದು ಚೀಲದ ಅಯೋಡಿನ್ ಮಾತ್ರ, ಗೋಡೆಯಿಂದಲೂ ಆಕಾಶದಿಂದಲೂ ಬರುವ ಆ 20 ಕೌಂಟ್ ಅಲ್ಲೇ ಇರುತ್ತದೆ. 43ನೇ ದಿನ ಅದೇ ಚೀಲಕ್ಕೆ ಮೀಟರ್ ಹಿಡಿದಾಗ ಮುಳ್ಳು 30ರ ಹತ್ತಿರ ಕುಣಿಯುತ್ತಿತ್ತು. ಮೇಡಂ ಏನೂ ಹೇಳದೆ ಸಹಿ ಹಾಕಿದರು.

ನಿಮ್ಮ ಕೋಬಾಲ್ಟ್‌ಗೆ ಬರೋಣ. ಶೇ 90 ಹೋಗಬೇಕು ಅಂದರೆ ಶೇ 10 ಉಳಿಯಬೇಕು. ಇಲ್ಲಿ ನೀವು ಎಡವಿಲ್ಲ, ಇಲ್ಲಿ ಮಾತ್ರ ಎಡವಿದ್ದರೆ 0.8 ವರ್ಷ ಬರುತ್ತಿತ್ತು. 100, 50, 25, 12.5, 6.25. ಮೂರು ಸಲಕ್ಕಿಂತ ಜಾಸ್ತಿ, ನಾಲ್ಕಕ್ಕಿಂತ ಕಮ್ಮಿ. ಅಂದರೆ ಸುಮಾರು 16ರಿಂದ 21 ವರ್ಷ. ಲಾಗ್ ಹೇಳೋದು 3.32 ಸಲ, 5.27ರಿಂದ ಗುಣಿಸಿದರೆ 17.5.

ನಿಮ್ಮ 7.6 ಮಾತ್ರ ತಮಾಷೆಯಾಗಿದೆ. log 10 ಅಂದರೆ 1, ಅದನ್ನು λದಿಂದ ಭಾಗಿಸಿದಿರಿ, 1/λ ಬಂತು. ಅದು ಕೋಬಾಲ್ಟ್-60ರ ಸರಾಸರಿ ಆಯು. ಪುಸ್ತಕದಲ್ಲಿ ಅರ್ಧಾಯು ಇರುವ ಪುಟದ ಹತ್ತಿರವೇ ಇರುತ್ತದೆ, τ ಅಂತ ಬರೆದಿರುತ್ತಾರೆ. ಅಷ್ಟು ವರ್ಷಕ್ಕೆ ಇನ್ನೂ ಶೇ 37ರಷ್ಟು ಕೋಬಾಲ್ಟ್ ಉಳಿದಿರುತ್ತದೆ.