ಫರ್ಮಾರ್ಕ್ ಪಾಸ್, ಗೇಮಲ್ಲಿ ಫೇಲ್

ಪ್ರಶ್ನೆ: ಸರ್, ಗ್ರಾಫಿಕ್ಸ್ ಕಾರ್ಡನ್ನ 875 ಮಿಲಿವೋಲ್ಟಲ್ಲಿ 1920 ಮೆಗಾಹರ್ಟ್ಸಿಗೆ ಅಂಡರ್‌ವೋಲ್ಟ್ ಮಾಡಿದೀನಿ, ಮೆಮೊರಿ +1000. ಫರ್ಮಾರ್ಕ್ ಒಂದು ಗಂಟೆ ಓಡ್ತು, ಏನೂ ಆಗ್ಲಿಲ್ಲ. ಗೇಮಲ್ಲಿ ಮಾತ್ರ ಅರ್ಧ ಗಂಟೆಗೆ ಬಣ್ಣಬಣ್ಣದ ಚುಕ್ಕಿ ಬಂದು, ಸ್ಕ್ರೀನ್ ಕಪ್ಪಾಗಿ, ಡೆಸ್ಕ್‌ಟಾಪಿಗೆ ಬಂದ್ಬಿಡುತ್ತೆ. ಕಾರ್ಡೇ ಹೋಯ್ತಾ?

ಉತ್ತರ: ಹೋಗಿರೋ ಸಾಧ್ಯತೆ ಕಮ್ಮಿ. ಎಲ್ಲಾ ಸೆಟ್ಟಿಂಗ್ ತೆಗೆದು ಡೀಫಾಲ್ಟಲ್ಲಿ ಅದೇ ಗೇಮ್ ಆಡಿ ನೋಡಿ, ಆಗ್ಲೂ ಚುಕ್ಕಿ ಬಂದ್ರೆ ಮಾತ್ರ ಕಾರ್ಡ್ ಮೇಲೆ ಅನುಮಾನ ಪಡಿ.

ನಿಮಗೆ ಮೋಸ ಮಾಡಿದ್ದು ಫರ್ಮಾರ್ಕು. ಅದು ಎಷ್ಟು ಕರೆಂಟ್ ಎಳೆಯುತ್ತೆ ಅಂದ್ರೆ ಕಾರ್ಡ್ ಪವರ್ ಲಿಮಿಟ್ ಮುಟ್ಟಿ ಕ್ಲಾಕನ್ನ ತಾನೇ ಇಳಿಸ್ಕೊಳುತ್ತೆ, ವೋಲ್ಟೇಜೂ ಜೊತೆಗೇ ಇಳಿಯುತ್ತೆ, ಅಂದ್ರೆ ಆ ಒಂದು ಗಂಟೇಲಿ 1920ರ ಟೆಸ್ಟೇ ಆಗಿಲ್ಲ ಅನ್ಸುತ್ತೆ. ಹಗುರವಾದ ಲೋಡಲ್ಲೇ ಕಾರ್ಡ್ ಮೇಲ್ಗಡೆ ಪಾಯಿಂಟಿಗೆ ಹೋಗೋದು. ಅದೂ ಅಲ್ದೆ ಕಾರ್ಡ್ ತಣ್ಣಗಿದ್ದಾಗ 15 ಮೆಗಾಹರ್ಟ್ಸ್ ಜಾಸ್ತಿನೇ ಓಡಬಹುದು, ಅದಕ್ಕೇ ಎಷ್ಟೋ ಜನಕ್ಕೆ ಗೇಮ್ ಶುರುವಾದ ತಕ್ಷಣ ಮೆನುನಲ್ಲೇ ಕ್ರ್ಯಾಶ್ ಆಗೋದು.

ಇನ್ನೊಂದು, ನೀವು ಎರಡನ್ನ ಒಟ್ಟಿಗೆ ಬದಲಾಯಿಸಿದೀರಿ. ಚುಕ್ಕಿ, ಚೌಕಚೌಕ ಬಂದ್ರೆ ಸಾಮಾನ್ಯವಾಗಿ ಮೆಮೊರಿದು, ಏನೂ ಕಾಣದೆ ಗೇಮ್ ನಿಂತುಹೋದ್ರೆ ಹೆಚ್ಚಾಗಿ ಕೋರ್‌ದು, ಆದ್ರೆ ಇದನ್ನ ಪೂರ್ತಿ ನಂಬಬೇಡಿ. ವಿಂಡೋಸಿನ Event Viewerಲ್ಲಿ System ಲಾಗ್ ತೆಗೆದು Display 4101 ಇದ್ಯಾ ನೋಡಿ. ಇದ್ರೆ ಡ್ರೈವರ್ 2 ಸೆಕೆಂಡ್ ಉತ್ತರ ಕೊಡದೆ ರೀಸೆಟ್ ಆಗಿದೆ ಅಂತ. ಇಂಥ ಪ್ರತಿ ಕ್ರ್ಯಾಶ್ ಆದ್ಮೇಲೂ ಪಿಸಿ ರೀಸ್ಟಾರ್ಟ್ ಮಾಡಿ, ಇಲ್ಲಾಂದ್ರೆ ಮುಂದಿನ ಟೆಸ್ಟಿನ ಫಲಿತಾಂಶ ನಂಬೋಕಾಗಲ್ಲ.

ಇದೇ ಥರ ನನ್ನ ಹಳೇ ಕಾರ್ಡಲ್ಲೂ ಆಗಿತ್ತು. ಮೊದಲು ಮೆಮೊರಿ ಸೊನ್ನೆಗೆ ಇಟ್ಟೆ, ಚುಕ್ಕಿ ಹೋಯ್ತು, ಕ್ರ್ಯಾಶ್ ಹೋಗ್ಲಿಲ್ಲ, ಅಂದ್ರೆ ಎರಡೂ ಕಡೆ ತಪ್ಪಿತ್ತು. ಆಮೇಲೆ ಫ್ರೇಮ್ ರೇಟಿಗೆ ಲಿಮಿಟ್ ಹಾಕಿ, ಕ್ಲಾಕ್ ಮತ್ತೆ ವೋಲ್ಟೇಜ್ ಸ್ಕ್ರೀನಲ್ಲೇ ಕಾಣೋ ಹಾಗೆ ಮಾಡಿ, ಕ್ಲಾಕ್ ನಾನಿಟ್ಟಿದ್ದ ಪಾಯಿಂಟಲ್ಲೇ ನಿಂತಿದೆ ಅಂತ ಖಾತ್ರಿ ಮಾಡ್ಕೊಂಡು ಆಡಿದೆ. ಕ್ಲಾಕ್ 15 ಇಳಿಸಿದೆ, ಎರಡನೇ ದಿನ ಮತ್ತೆ ಕ್ರ್ಯಾಶ್. ಇನ್ನೊಂದು 15 ಇಳಿಸಿದ್ಮೇಲೆ ರೇ ಟ್ರೇಸಿಂಗ್ ಆನ್ ಮಾಡಿ ಮೂರು ಸಂಜೆ ಆಡಿದ್ರೂ ಏನಾಗ್ಲಿಲ್ಲ. ಕ್ಲಾಕ್ ಬಿಡೋಕೆ ಮನಸ್ಸಿಲ್ದಿದ್ರೆ ವೋಲ್ಟೇಜನ್ನ 887 ಮಾಡಿ ನೋಡಬಹುದು.

ಕೋರ್ ಸ್ಥಿರವಾದ್ಮೇಲೇ ಮೆಮೊರಿ ಮುಟ್ಟಿದ್ದು, 200 ಏರಿಸೋದು, ಒಂದೇ ಬೆಂಚ್‌ಮಾರ್ಕ್ ಓಡಿಸೋದು. +800ಕ್ಕೆ ಚುಕ್ಕಿ ಇರ್ಲಿಲ್ಲ, ಆದ್ರೆ ಸ್ಕೋರ್ +600ಕ್ಕಿಂತ ಕಮ್ಮಿ ಬಂತು. ಈಗಿನ ಮೆಮೊರಿ ಡೇಟಾ ತಪ್ಪಾದ್ರೆ ಗೊತ್ತುಮಾಡ್ಕೊಂಡು ಮತ್ತೆ ಕಳಿಸುತ್ತೆ, ಅದಕ್ಕೇ ಚುಕ್ಕಿಗಿಂತ ಮೊದ್ಲು ಸ್ಪೀಡ್ ಬೀಳೋದು. ನಾನು +500ಕ್ಕೆ ಬಿಟ್ಟೆ.

ಹಾಂ, ಇದೆಲ್ಲ ಮುಗಿಯೋವರೆಗೂ ಆಫ್ಟರ್‌ಬರ್ನರಲ್ಲಿ ಪಿಸಿ ಆನ್ ಆದಾಗ್ಲೇ ಸೆಟ್ಟಿಂಗ್ ಹಾಕೋ ಆಪ್ಷನ್ ಆಫ್ ಇರ್ಲಿ.